ತಪ್ಪಿಹೋದ ಕುರಿಯ ಸಾಮ್ಯ: ಮತ್ತಾಯ, ಲೂಕ ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದು ಹೇಗೆ

ನಮ್ಮ ಸಂಡೇ ಸ್ಕೂಲಿನಲ್ಲಿ ಒಮ್ಮೆ ಮಕ್ಕಳಿಗೆ ಮತ್ತಾಯ 18 ತೆರೆಯಲು ಹೇಳಿ ಕಳೆದುಹೋದ ಕುರಿಯ ಕಥೆ ಶುರು ಮಾಡಿದೆ. ನೂರು ಕುರಿ, ಒಂದು ಕಾಣಿಸಲಿಲ್ಲ, ಯಜಮಾನ ಹುಡುಕಿಕೊಂಡು ಹೋದ, ಸಿಕ್ಕ ಮೇಲೆ ಹೆಗಲ ಮೇಲೆ ಹೊತ್ತುಕೊಂಡು ಬಂದ, ಅಕ್ಕಪಕ್ಕದವರನ್ನೆಲ್ಲ ಕರೆದ ಅಂತ ಹೇಳುತ್ತಾ ಹೋದೆ. ವಚನದ ಮೇಲೆ ಬೆರಳಿಟ್ಟು ಓದುತ್ತಿದ್ದ ಒಬ್ಬಳು ಹುಡುಗಿ ಕೇಳಿದಳು, "ಟೀಚರ್, ಹೆಗಲ ಮೇಲೆ ಅಂತ ಇಲ್ಲಿ ಎಲ್ಲೂ ಇಲ್ವಲ್ಲ?"

ನಿಜ, ಇಲ್ಲ. ಹೆಗಲೂ ಇಲ್ಲ, ಅಕ್ಕಪಕ್ಕದವರೂ ಇಲ್ಲ. ನಾನು ಮತ್ತಾಯನ ಪುಟ ತೆರೆದಿಟ್ಟುಕೊಂಡು ಲೂಕನ ಕಥೆ ಹೇಳುತ್ತಿದ್ದೆ. ನಮ್ಮಲ್ಲಿ ತುಂಬ ಜನ ಹಾಗೇ ಮಾಡುತ್ತೇವೆ, ಯಾಕೆಂದರೆ ಮನಸ್ಸಿನಲ್ಲಿ ಎರಡೂ ಸೇರಿ ಒಂದೇ ಕಥೆ ಆಗಿಬಿಟ್ಟಿದೆ. ಅವನ್ನು ಬಿಡಿಸಿ ನೋಡಿದರೆ ಎರಡರಲ್ಲೂ ನಮಗೆ ಇದುವರೆಗೆ ಕಾಣದ ಮಾತು ಕಾಣುತ್ತದೆ. ಬಿಡಿಸುವುದು ಹೇಗೆ ಅಂತ ಹಂತ ಹಂತವಾಗಿ ಬರೆಯುತ್ತೇನೆ. ಒಂದು ಬೈಬಲ್, ಒಂದು ಹಾಳೆ, ಒಂದು ಪೆನ್ನು, ಒಂದು ಗಂಟೆ ಸಮಯ ಇದ್ದರೆ ಸಾಕು.

ಹಂತ 1: ಕಥೆ ಎಲ್ಲೆಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ

ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಎರಡರಲ್ಲಿ ಮಾತ್ರ ಈ ಸಾಮ್ಯ ಇದೆ: ಮತ್ತಾಯ 18:12-14 ಮತ್ತು ಲೂಕ 15:3-7. ಮಾರ್ಕನಲ್ಲಿ ಇಲ್ಲ. ಯೋಹಾನನಲ್ಲೂ ಇಲ್ಲ.

ಯೋಹಾನನಲ್ಲಿ ಇದೆ ಅಂತ ಅನೇಕರು ವಾದ ಮಾಡುತ್ತಾರೆ, 10ನೇ ಅಧ್ಯಾಯ ತೋರಿಸುತ್ತಾರೆ. ಅಲ್ಲಿ ಒಳ್ಳೆಯ ಕುರುಬ ಇದ್ದಾನೆ, ಕುರಿಹಟ್ಟಿ ಇದೆ, ಬಾಗಿಲು ಇದೆ, ಕಳ್ಳ ಇದ್ದಾನೆ, ತೋಳ ಇದೆ. ಆದರೆ ನೂರರ ಲೆಕ್ಕ ಇಲ್ಲ, ತಪ್ಪಿಹೋದ ಒಂದು ಕುರಿಯೂ ಇಲ್ಲ, ಹುಡುಕಾಟವೂ ಇಲ್ಲ. ಅದು ಬೇರೆಯೇ ಮಾತು. ಹಾಗೆಯೇ ಮತ್ತಾಯ 10:6 ಮತ್ತು 15:24ರಲ್ಲಿ "ಇಸ್ರಾಯೇಲ್ ಮನೆತನದ ತಪ್ಪಿಹೋದ ಕುರಿಗಳು" ಎಂಬ ಮಾತು ಬರುತ್ತದೆ. ಅದು ಬರೀ ಮಾತಿನ ರೂಪ, ಕಥೆ ಅಲ್ಲ. ಈ ಮೂರನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

ಮಾರ್ಕನಲ್ಲಿ ಇಲ್ಲದೆ ಮತ್ತಾಯ, ಲೂಕ ಇಬ್ಬರಲ್ಲೂ ಇರುವ ಯೇಸುವಿನ ಮಾತುಗಳು ಇನ್ನೂ ಬಹಳ ಇವೆ. ಅವರಿಬ್ಬರಿಗೂ ಒಂದೇ ಹಳೆಯ ಮೂಲ ಸಿಕ್ಕಿತ್ತು ಎಂಬುದು ಅನೇಕ ವಿದ್ವಾಂಸರ ಊಹೆ, ಆ ಮೂಲವನ್ನು ಅವರು 'ಕ್ಯೂ' ಅಂತ ಕರೆಯುತ್ತಾರೆ. ಅಂಥ ಗ್ರಂಥದ ಒಂದು ಹಾಳೆಯೂ ಕೈಗೆ ಸಿಕ್ಕಿಲ್ಲ. ಲೂಕ ಮತ್ತಾಯನನ್ನೇ ಓದಿ ಬರೆದ ಅಂತ ಹೇಳುವವರೂ ಇದ್ದಾರೆ. ನಮ್ಮ ಕೆಲಸಕ್ಕೆ ಈ ಜಗಳ ತೀರಬೇಕಾಗಿಲ್ಲ. ಮುಂದೆ ಇರುವ ಎರಡು ಪಠ್ಯಗಳು ಸಾಕು.

ಹಂತ 2: ಕಥೆಯನ್ನು ಬಿಟ್ಟು ಅದರ ಸುತ್ತಲಿನದನ್ನು ಮೊದಲು ಓದಿ

ನೇರ 12ನೇ ವಚನಕ್ಕೆ ಹಾರಬೇಡಿ. ಮತ್ತಾಯ 18ನ್ನು ಮೊದಲ ವಚನದಿಂದ ಓದಿ. ಜಾಗ ಕಪೆರ್ನೌಮ್. ಶಿಷ್ಯರು ಬಂದು ಪರಲೋಕರಾಜ್ಯದಲ್ಲಿ ಯಾರು ದೊಡ್ಡವರು ಅಂತ ಕೇಳುತ್ತಾರೆ. ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸುತ್ತಾನೆ. ಆಮೇಲೆ ಬರುವ ಮಾತೆಲ್ಲ "ಈ ಚಿಕ್ಕವರ" ಬಗ್ಗೆ: ಇವರಲ್ಲಿ ಒಬ್ಬರನ್ನು ಎಡವಿ ಬೀಳಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಮೇಲು ಎನ್ನುವಷ್ಟು ಕಠಿಣ ಮಾತು. 10ನೇ ವಚನದಲ್ಲಿ, ಈ ಚಿಕ್ಕವರಲ್ಲಿ ಒಬ್ಬರನ್ನೂ ಕೀಳಾಗಿ ಕಾಣಬೇಡಿ ಎಂದ ಮೇಲೆ ಕುರಿಯ ಕಥೆ ಬರುತ್ತದೆ. ಕಥೆ ಮುಗಿದ ಕೂಡಲೇ 15ನೇ ವಚನದಲ್ಲಿ ತಪ್ಪು ಮಾಡಿದ ಸಹೋದರನ ಮಾತು: ಹೋಗಿ, ನೀವಿಬ್ಬರೇ ಇರುವಾಗ ತಿಳಿಸಿ ಹೇಳು.

ಅಂದರೆ ಕೇಳುತ್ತಿರುವವರು ಶಿಷ್ಯರು. ಒಳಗಿನವರು. ನಾಳೆ ಸಭೆಯನ್ನು ನೋಡಿಕೊಳ್ಳಬೇಕಾದವರು.

ಈಗ ಲೂಕ 15ರ ಮೊದಲ ಎರಡು ವಚನ ಓದಿ. ಸುಂಕದವರೂ ಪಾಪಿಗಳೂ ಯೇಸುವಿನ ಮಾತು ಕೇಳಲು ಹತ್ತಿರ ಬರುತ್ತಿದ್ದಾರೆ. ಅದನ್ನು ನೋಡಿ ಫರಿಸಾಯರೂ ಶಾಸ್ತ್ರಿಗಳೂ ಗೊಣಗುತ್ತಿದ್ದಾರೆ: ಇವನು ಪಾಪಿಗಳನ್ನು ಸೇರಿಸಿಕೊಳ್ಳುತ್ತಾನೆ, ಅವರ ಜೊತೆ ಊಟ ಮಾಡುತ್ತಾನೆ. ಯೇಸು ಕಥೆ ಹೇಳುವುದು ಈ ಗೊಣಗುವವರಿಗೆ. ಕಥೆ ಮುಗಿದ ಮೇಲೆ ಲೂಕ ನಿಲ್ಲುವುದಿಲ್ಲ, ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದನ್ನು ಕಳೆದುಕೊಂಡ ಹೆಂಗಸಿನ ಕಥೆ, ಅದಾದ ಮೇಲೆ ಇಬ್ಬರು ಗಂಡುಮಕ್ಕಳ ಅಪ್ಪನ ಕಥೆ, ಹೀಗೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ.

ಹಾಳೆಯನ್ನು ಮಧ್ಯದಲ್ಲಿ ಮಡಿಸಿ. ಎಡಗಡೆ ಮೇಲೆ "ಮತ್ತಾಯ: ಶಿಷ್ಯರಿಗೆ, ಚಿಕ್ಕವರ ಬಗ್ಗೆ" ಅಂತ ಬರೆಯಿರಿ. ಬಲಗಡೆ "ಲೂಕ: ಗೊಣಗುವವರಿಗೆ, ಪಾಪಿಗಳ ಬಗ್ಗೆ" ಅಂತ ಬರೆಯಿರಿ. ಮುಂದಿನ ವ್ಯತ್ಯಾಸಗಳೆಲ್ಲ ಈ ಎರಡು ಸಾಲುಗಳಿಂದಲೇ ಹುಟ್ಟುತ್ತವೆ ಅಂತ ನನಗೆ ಅನಿಸುತ್ತದೆ.

ಹಂತ 3: ಈಗ ಕಥೆಯನ್ನು ಒಂದೊಂದೇ ವಾಕ್ಯವಾಗಿ ಎರಡೂ ಕಡೆ ಬರೆದುಕೊಳ್ಳಿ

ಕೈಯಲ್ಲೇ ಬರೆಯಿರಿ. ಓದುವಾಗ ಕಣ್ಣು ಹಾರಿಬಿಡುವ ಪದಗಳನ್ನು ಬರೆಯುವ ಕೈ ಹಾರಿಸುವುದಿಲ್ಲ.

ಶುರುವಿನಲ್ಲೇ ಒಂದು ವ್ಯತ್ಯಾಸ. ಮತ್ತಾಯನಲ್ಲಿ ಯೇಸು "ನಿಮಗೆ ಹೇಗೆ ತೋರುತ್ತದೆ?" ಅಂತ ಕೇಳಿ, "ಒಬ್ಬ ಮನುಷ್ಯನಿಗೆ ನೂರು ಕುರಿ ಇದ್ದರೆ" ಅನ್ನುತ್ತಾನೆ. ಲೂಕನಲ್ಲಿ "ನಿಮ್ಮಲ್ಲಿ ಯಾವನು?" ಅಂತ ಎದುರಿಗಿರುವವರನ್ನೇ ಕಥೆಯೊಳಗೆ ಎಳೆದುಕೊಳ್ಳುತ್ತಾನೆ. ಗೊಣಗುತ್ತಿದ್ದವರು ಈಗ ಕುರಿ ಕಳೆದುಕೊಂಡವರ ಜಾಗದಲ್ಲಿ ನಿಂತು ಉತ್ತರ ಕೊಡಬೇಕು. ಎರಡೂ ಕಡೆ "ಕುರುಬ" ಎಂಬ ಪದವೇ ಇಲ್ಲ ಎಂಬುದನ್ನೂ ಗಮನಿಸಿ, ಬರೀ "ಮನುಷ್ಯ" ಅಂತ ಇದೆ.

ಮತ್ತಾಯನಲ್ಲಿ 99 ಕುರಿಗಳು ಬೆಟ್ಟಗಳ ಮೇಲೆ ಉಳಿಯುತ್ತವೆ. ಲೂಕನಲ್ಲಿ ಜನವಸತಿ ಇಲ್ಲದ ಅಡವಿಯಲ್ಲಿ ಉಳಿಯುತ್ತವೆ. ಕೆಲವು ಹಳೆಯ ಅನುವಾದಗಳಲ್ಲಿ ಮತ್ತಾಯನ ಮನುಷ್ಯನೇ ಹುಡುಕಲು ಬೆಟ್ಟಕ್ಕೆ ಹೋಗುವ ಹಾಗೆ ಓದಿಸುತ್ತದೆ, ನಿಮ್ಮದರಲ್ಲಿ ಹಾಗಿದ್ದರೆ ಗಾಬರಿ ಬೇಡ, ಗ್ರೀಕ್ ವಾಕ್ಯದಲ್ಲಿ "ಬೆಟ್ಟಗಳ ಮೇಲೆ" ಎಂಬುದನ್ನು ಯಾವ ಕ್ರಿಯೆಗೆ ಸೇರಿಸುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಆ 99ನ್ನು ಯಾರು ಕಾಯುತ್ತಿದ್ದರು? ಇಬ್ಬರೂ ಹೇಳುವುದಿಲ್ಲ. ಜೊತೆಗೆ ಇನ್ನೊಬ್ಬ ಕುರುಬ ಇದ್ದಿರಬೇಕು ಅಂತ ನಾವು ಸೇರಿಸಿಕೊಂಡರೆ ಅದು ನಮ್ಮ ಮಾತು, ಅವರದ್ದಲ್ಲ.

ಸಿಕ್ಕ ಮೇಲೆ ಏನಾಯಿತು ಅಂತ ಬರೆಯುವಾಗ ಎಡಗಡೆ ಒಂದೇ ಸಾಲು: ಅವನು ಉಳಿದ 99ಕ್ಕಿಂತ ಇದಕ್ಕಾಗಿ ಹೆಚ್ಚು ಸಂತೋಷಪಡುತ್ತಾನೆ. ಬಲಗಡೆ ಸಾಲು ತುಂಬುತ್ತದೆ. ಹೆಗಲ ಮೇಲೆ ಹೊರುತ್ತಾನೆ, ಮನೆಗೆ ಬರುತ್ತಾನೆ, ಸ್ನೇಹಿತರನ್ನೂ ನೆರೆಹೊರೆಯವರನ್ನೂ ಕರೆಯುತ್ತಾನೆ, ನನ್ನ ಜೊತೆ ಸಂತೋಷಪಡಿ ಅನ್ನುತ್ತಾನೆ. ಚಿತ್ರಗಳಲ್ಲಿ ನಾವು ನೋಡಿರುವ ಹೆಗಲ ಮೇಲಿನ ಕುರಿ ಲೂಕನದು ಮಾತ್ರ.

ಹಂತ 4: ಕುರಿಗೆ ಏನಾಯಿತು ಎಂಬ ಕ್ರಿಯಾಪದದ ಮೇಲೆ ನಿಲ್ಲಿ

ಇಲ್ಲಿ ಜಾಸ್ತಿ ಹೊತ್ತು ಕೂತುಕೊಳ್ಳಿ.

ಮತ್ತಾಯನ ಗ್ರೀಕ್ ಪದ 'ಪ್ಲಾನಾವೊ' ಎಂಬ ಧಾತುವಿನದು: ಅಲೆಯುವುದು, ದಾರಿ ತಪ್ಪುವುದು. ಆಕಾಶದಲ್ಲಿ ಅಲೆಯುವ ಚುಕ್ಕಿಗೆ ಪ್ಲಾನೆಟ್ ಅಂತ ಹೆಸರು ಬಂದದ್ದೂ ಇದೇ ಬೇರಿನಿಂದ. ಲೂಕನ ಪದ 'ಅಪೊಲ್ಲುಮಿ': ಕಳೆದುಕೊಳ್ಳುವುದು, ಕಳೆದುಹೋಗುವುದು, ಹಾಳಾಗುವುದು. ಕನ್ನಡದಲ್ಲಿ ಈ ವ್ಯತ್ಯಾಸ ಸಲೀಸಾಗಿ ಬರುತ್ತದೆ. ಮತ್ತಾಯನ ಕುರಿ ದಾರಿ ತಪ್ಪಿದೆ. ಲೂಕನ ಕುರಿ ಕಳೆದುಹೋಗಿದೆ. ಅಷ್ಟೇ ಅಲ್ಲ, ಲೂಕನ ವಾಕ್ಯದಲ್ಲಿ ಆ ಮನುಷ್ಯನೇ ಒಂದು ಕುರಿಯನ್ನು ಕಳೆದುಕೊಂಡಿದ್ದಾನೆ, ಪಕ್ಕದ ಕಥೆಯ ಹೆಂಗಸು ನಾಣ್ಯ ಕಳೆದುಕೊಂಡ ಹಾಗೆ. ನಿಮ್ಮ ಕನ್ನಡ ಬೈಬಲಿನಲ್ಲಿ ಎರಡೂ ಕಡೆ ಒಂದೇ ಪದ ಇದ್ದರೆ ಇನ್ನೊಂದು ಅನುವಾದ ತೆರೆದು ನೋಡಿ. ತಲೆಬರಹ ನೋಡಿ ತೀರ್ಮಾನ ಮಾಡಬೇಡಿ, ತಲೆಬರಹಗಳನ್ನು ಹಾಕಿದವರು ಪ್ರಕಾಶಕರು.

ಹಾಗಾದರೆ ಮತ್ತಾಯನಲ್ಲಿ 'ಅಪೊಲ್ಲುಮಿ' ಇಲ್ಲವೇ ಇಲ್ವಾ? ಇದೆ. ಅದು 14ನೇ ವಚನದಲ್ಲಿ, ಕಥೆಯೆಲ್ಲ ಮುಗಿದ ಮೇಲೆ ಬರುತ್ತದೆ: ಈ ಚಿಕ್ಕವರಲ್ಲಿ ಒಬ್ಬರೂ ಹಾಳಾಗುವುದು ಪರಲೋಕದಲ್ಲಿರುವ ನಿಮ್ಮ ತಂದೆಯ ಚಿತ್ತವಲ್ಲ. ಆ "ಹಾಳಾಗುವುದು" ಲೂಕನ "ಕಳೆದುಹೋದ" ಎಂಬುದರದೇ ಪದ. ಮತ್ತಾಯ ಅದನ್ನು ಕೊನೆಗೆ ಉಳಿಸಿಕೊಂಡಿದ್ದಾನೆ. ಅವನ ಪ್ರಕಾರ ದಾರಿ ತಪ್ಪಿದ ಕುರಿ ಇನ್ನೂ ಕಳೆದುಹೋಗಿಲ್ಲ. ಬೇಗ ಹೊರಟು ಹುಡುಕಿದರೆ ಕಳೆದುಹೋಗದಂತೆ ತಡೆಯಬಹುದು. ನನಗೆ ಇದು ಗೊತ್ತಾದ ದಿನ ಮತ್ತಾಯನ ಮೂರು ವಚನಗಳನ್ನು ಮತ್ತೆ ಮತ್ತೆ ಓದಿದೆ.

ಇಲ್ಲಿ ಒಂದು ತೊಡಕು ಇದೆ, ಅದು 11ನೇ ವಚನ. ಕೆಲವು ಬೈಬಲುಗಳಲ್ಲಿ 10 ಆದ ಮೇಲೆ "ಮನುಷ್ಯಕುಮಾರನು ಕಳೆದುಹೋದದ್ದನ್ನು ರಕ್ಷಿಸಲು ಬಂದನು" ಎಂಬ ಮಾತು ಇರುತ್ತದೆ. ಕೆಲವಲ್ಲಿ 10ರಿಂದ ನೇರ 12ಕ್ಕೆ ಹೋಗುತ್ತದೆ, ಇಲ್ಲವೇ ಅಡಿಟಿಪ್ಪಣಿಯಲ್ಲಿ ಇರುತ್ತದೆ. ಮುದ್ರಣದ ತಪ್ಪಲ್ಲ. 4ನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಈ ವಚನ ಇಲ್ಲ. ಜಕ್ಕಾಯನ ಕಥೆಯ ಕೊನೆಯಲ್ಲಿ, ಲೂಕ 19:10ರಲ್ಲಿ, ಹೆಚ್ಚುಕಡಿಮೆ ಇದೇ ಮಾತು ಇದೆ. ಆಮೇಲಿನ ಯಾವನೋ ನಕಲುಗಾರ ಕುರಿಯ ಕಥೆಗೆ ಹೊಂದುತ್ತದೆ ಅಂತ ಅದನ್ನು ಇಲ್ಲಿಗೆ ತಂದಿರಬೇಕು ಎಂಬುದು ಸಾಮಾನ್ಯ ಅಭಿಪ್ರಾಯ. ಹಾಗೆ ತಂದಾಗ "ಕಳೆದುಹೋದ" ಎಂಬ ಪದ ಕಥೆಗೆ ಮುಂಚೆಯೇ ಬಂದುಬಿಟ್ಟು, ಮತ್ತಾಯ ಕೊನೆಗೆ ಇಟ್ಟ ಆ ಪದದ ಭಾರ ಕಡಿಮೆಯಾಗುತ್ತದೆ. ಅದಕ್ಕೇ ಹೋಲಿಸುವಾಗ 11ನ್ನು ಬಿಟ್ಟು ಓದಿ.

ಯೆಹೆಜ್ಕೇಲ 34:16ನ್ನೂ ಒಮ್ಮೆ ತೆಗೆದು ನೋಡಿ. ಕೆಟ್ಟ ಕುರುಬರ ಮೇಲೆ ದೇವರು ಸಿಟ್ಟಾಗಿ, ನಾನೇ ನನ್ನ ಕುರಿಗಳನ್ನು ನೋಡಿಕೊಳ್ಳುತ್ತೇನೆ ಅನ್ನುವ ಅಧ್ಯಾಯ. ಕಳೆದುಹೋದದ್ದನ್ನು ಹುಡುಕುವೆನು, ದಾರಿ ತಪ್ಪಿದ್ದನ್ನು ಹಿಂದಕ್ಕೆ ತರುವೆನು ಎಂಬ ಅರ್ಥದ ಮಾತು ಅಲ್ಲಿದೆ. ಅದರ ಹಳೆಯ ಗ್ರೀಕ್ ಅನುವಾದದಲ್ಲಿ ಲೂಕನ ಪದವೂ ಮತ್ತಾಯನ ಪದವೂ ಒಂದೇ ವಚನದಲ್ಲಿ ಅಕ್ಕಪಕ್ಕ ಕೂತಿವೆ.

ಹಂತ 5: "ಸಿಕ್ಕರೆ" ಮತ್ತು "ಸಿಗುವ ತನಕ"

ಮತ್ತಾಯ 18:13ರಲ್ಲಿ ಒಂದು ಚಿಕ್ಕ "ರೆ" ಇದೆ: ಅದು ಅವನಿಗೆ ಸಿಕ್ಕರೆ. ಸಿಗದೆಯೂ ಇರಬಹುದು ಅಂತ ಅರ್ಥ. ಲೂಕ 15:4ರಲ್ಲಿ "ಸಿಗುವ ತನಕ" ಅಂತ ಇದೆ. ಅಲ್ಲಿ ಸಿಗದೆ ಇರುವ ಪ್ರಶ್ನೆಯೇ ಇಲ್ಲ.

ಮತ್ತಾಯನ ನಂಬಿಕೆ ಕಡಿಮೆ ಅಂತ ಇದರಿಂದ ಹೇಳಬೇಡಿ. ಅವನ ಮುಂದಿನ ವಚನಗಳನ್ನು ನೋಡಿ: ತಪ್ಪು ಮಾಡಿದವನ ಹತ್ತಿರ ಒಬ್ಬನೇ ಹೋಗು, ಕೇಳಿದರೆ ನಿನ್ನ ಸಹೋದರನನ್ನು ಗಳಿಸಿಕೊಂಡೆ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಇಲ್ಲೂ ಪ್ರತಿ ಸಾಲಿನಲ್ಲಿ "ರೆ". ಮನುಷ್ಯರು ಮನುಷ್ಯರನ್ನು ಹುಡುಕಿಕೊಂಡು ಹೋಗುವಾಗ ಸಿಕ್ಕೇ ಸಿಗುತ್ತಾರೆ ಅಂತ ಯಾರೂ ಮಾತು ಕೊಡಲಾಗದು. ಲೂಕನ ಕಥೆಯಲ್ಲಿ ಸಮರ್ಥನೆ ಆಗುತ್ತಿರುವುದು ಪಾಪಿಗಳ ಜೊತೆ ಊಟಕ್ಕೆ ಕೂತಿರುವ ಯೇಸುವಿನ ನಡತೆ. ಅಲ್ಲಿ ಕುರಿ ಆಗಲೇ ಸಿಕ್ಕಿದೆ, ಊಟಕ್ಕೂ ಕೂತಿದೆ. ಉಳಿದದ್ದು ಒಂದೇ ಪ್ರಶ್ನೆ: ಆ ಸಂತೋಷಕ್ಕೆ ನೀವು ಬರುತ್ತೀರೋ ಇಲ್ಲವೋ? ಅದೇ ಅಧ್ಯಾಯದ ಕೊನೆಯಲ್ಲಿ ದೊಡ್ಡ ಮಗ ಸಿಟ್ಟಿನಿಂದ ಮನೆಯೊಳಗೆ ಬರದೆ ಹೊರಗೆ ನಿಂತಿರುತ್ತಾನೆ. ಅವನು ಒಳಗೆ ಬಂದನೋ ಇಲ್ಲವೋ ಅಂತ ಲೂಕ ಹೇಳುವುದೇ ಇಲ್ಲ.

ಹಂತ 6: ಕೊನೆಯ ವಾಕ್ಯಗಳನ್ನು ಹೋಲಿಸಿ

ಮತ್ತಾಯ ಮುಗಿಸುವುದು ತಂದೆಯ ಚಿತ್ತದಿಂದ. ಲೂಕ ಮುಗಿಸುವುದು ಪರಲೋಕದ ಸಂತೋಷದಿಂದ: ಮಾನಸಾಂತರ ಬೇಕಿಲ್ಲದ 99 ನೀತಿವಂತರಿಗಿಂತ ಮಾನಸಾಂತರಪಡುವ ಒಬ್ಬ ಪಾಪಿಗಾಗಿ ಹೆಚ್ಚು ಸಂತೋಷ. ಮತ್ತಾಯನ ಕಥೆಯಲ್ಲಿ ಪಾಪಿ ಎಂಬ ಪದವೂ ಇಲ್ಲ, ಮಾನಸಾಂತರ ಎಂಬ ಪದವೂ ಇಲ್ಲ.

ಇದು ಲೂಕನ ಒತ್ತು ಅಂತ ಹೇಗೆ ಗೊತ್ತು? ಬೇರೆ ಕಡೆ ಪರೀಕ್ಷಿಸಿ. ಮಾರ್ಕ 2:17ರಲ್ಲಿ ಯೇಸು, ನಾನು ನೀತಿವಂತರನ್ನಲ್ಲ, ಪಾಪಿಗಳನ್ನು ಕರೆಯಲು ಬಂದೆ ಅನ್ನುತ್ತಾನೆ. ಅದೇ ಮಾತು ಲೂಕ 5:32ರಲ್ಲಿ "ಮಾನಸಾಂತರಕ್ಕೆ" ಎಂಬ ಪದ ಸೇರಿಕೊಂಡು ಬರುತ್ತದೆ. ಲೂಕನಿಗೆ ಆ ಪದ ಬೇಕು.

ಆದರೆ ಒಂದು ವಿಚಿತ್ರ ನೋಡಿ. ಕಥೆಯೊಳಗೆ ಕುರಿ ಏನೂ ಮಾಡುವುದಿಲ್ಲ, ತಿರುಗಿ ನಡೆದು ಬರುವುದೂ ಇಲ್ಲ, ಅದನ್ನು ಹೊತ್ತು ತರುತ್ತಾರೆ. ನಾಣ್ಯವಂತೂ ಏನನ್ನೂ ಮಾಡಲಾರದು. ಹಾಗಿದ್ದೂ ಲೂಕ ಎರಡು ಕಥೆಗಳ ಕೊನೆಗೂ ಮಾನಸಾಂತರ ಅಂತ ಬರೆದಿದ್ದಾನೆ. ಸಿಕ್ಕುವುದನ್ನೇ ಮಾನಸಾಂತರ ಅನ್ನುತ್ತಿದ್ದಾನಾ? ನಾನು ಹಾಗೇ ಓದುತ್ತೇನೆ. ನೀವು ಬೇರೆ ಥರ ಓದಿದರೂ ಈ ಜಾಗವನ್ನು ಸುಮ್ನೆ ದಾಟಬೇಡಿ.

ಹಂತ 7: ಒಂದು ಸಂದರ್ಭ ಇಟ್ಟು ಪರೀಕ್ಷಿಸಿ

ಎರಡನ್ನೂ ನಿಜವಾಗಿ ಬಿಡಿಸಿದ್ದೀರಾ ಅಂತ ತಿಳಿಯಲು ಇದನ್ನು ಮಾಡಿ. ನಿಮ್ಮ ಸಭೆಯ ಒಬ್ಬ ಹುಡುಗ ಎರಡು ತಿಂಗಳಿಂದ ಆರಾಧನೆಗೆ ಬರುತ್ತಿಲ್ಲ ಅಂತ ಇಟ್ಟುಕೊಳ್ಳಿ. ಯಾರೋ ಹಿರಿಯರು ಎಲ್ಲರ ಮುಂದೆ ಅವನನ್ನು ಬೈದಿದ್ದರು. ಹಿರಿಯರ ಕೂಟದಲ್ಲಿ ಯಾವ ಪಾಠ ಓದುತ್ತೀರಿ? ಮತ್ತಾಯ 18. ಅವನು ಅಲ್ಲಿ ಹೇಳಿರುವ ಚಿಕ್ಕವನೇ, ಎಡವಿಸಿದವರು ಒಳಗೇ ಇದ್ದಾರೆ, ಅವನು ದಾರಿ ತಪ್ಪಿದ್ದಾನೆ, ಇನ್ನೂ ಕಳೆದುಹೋಗಿಲ್ಲ. ಲೂಕ 15 ಓದಿದರೆ ಹುಡುಗ ಪಾಪಿ, ಬೈದವರು ಹುಡುಕುವವರು ಅಂತ ಆಗಿಬಿಡುತ್ತದೆ, ಅನ್ಯಾಯ ಅಲ್ವಾ?

ಈಗ ಇನ್ನೊಂದು. ಕುಡಿತದಿಂದ ಊರೆಲ್ಲ ದೂರ ಇಟ್ಟಿದ್ದ ಒಬ್ಬರು ಸಭೆಗೆ ಬರತೊಡಗಿದ್ದಾರೆ. ಸಭೆಯ ಊಟದಲ್ಲಿ ಅವರ ಪಕ್ಕ ಕೂರಲು ಕೆಲವರಿಗೆ ಇಷ್ಟವಿಲ್ಲ. ಇಲ್ಲಿ ಲೂಕ. ಗೊಣಗಾಟ, ಊಟ, ಸಂತೋಷಕ್ಕೆ ಕರೆ, ಎಲ್ಲ ಅಲ್ಲೇ ಇದೆ.

ಕಥೋಲಿಕ ಸಭೆಯಲ್ಲಿ ಲೂಕನ ಪಾಠ ಸಾಧಾರಣ ಕಾಲದ 24ನೇ ಭಾನುವಾರ, ಮೂರು ವರ್ಷಕ್ಕೊಮ್ಮೆ ಬರುತ್ತದೆ. ಮತ್ತಾಯನದು ಆಗಮನ ಕಾಲದ ಎರಡನೇ ವಾರದ ಮಂಗಳವಾರ ಓದುತ್ತಾರೆ. ಭಾನುವಾರ ಕೇಳುವಷ್ಟು ಜನ ಮಂಗಳವಾರ ಇರುವುದಿಲ್ಲ. ಎಲ್ಲರ ನೆನಪಿನಲ್ಲಿ ಲೂಕ ಉಳಿಯಲು ಇದೂ ಒಂದು ಕಾರಣ ಇರಬೇಕು.

ಹಂತ 8: ಬೈಬಲಿನ ಹೊರಗಿನ ಎರಡು

ಕೊನೆಗೆ, ಬೇಕೆನಿಸಿದವರಿಗೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಸಿಕ್ಕ ಕಾಪ್ಟಿಕ್ ಭಾಷೆಯ ಪುಸ್ತಕಗಳಲ್ಲಿ ತೋಮನ ಸುವಾರ್ತೆ ಇತ್ತು. ಕಥೆಯ ಹರಿವು ಅದರಲ್ಲಿ ಇಲ್ಲ, 114 ಮಾತುಗಳ ಪಟ್ಟಿ ಮಾತ್ರ. 107ನೆಯದು ನಮ್ಮ ಕುರಿ. ಇಲ್ಲಿ "ಕುರುಬ" ಎಂಬ ಪದ ಬರುತ್ತದೆ. ರಾಜ್ಯವು ನೂರು ಕುರಿಗಳಿದ್ದ ಒಬ್ಬ ಕುರುಬನ ಹಾಗೆ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ದಾರಿ ತಪ್ಪಿತು, ಸಿಗುವ ತನಕ ಹುಡುಕಿದ, ದಣಿದು ಅದಕ್ಕೆ ಹೇಳಿದ: ಆ 99ಕ್ಕಿಂತ ನಿನ್ನ ಮೇಲೆ ನನಗೆ ಪ್ರೀತಿ ಹೆಚ್ಚು.

"ಎಲ್ಲಕ್ಕಿಂತ ದೊಡ್ಡದು" ಎಂಬ ಮಾತೇ ಕಥೆಯನ್ನು ತಲೆಕೆಳಗು ಮಾಡುತ್ತದೆ. ಮತ್ತಾಯನಲ್ಲಿ ಹುಡುಕಿದ್ದು ಚಿಕ್ಕದನ್ನು. ಲೂಕನಲ್ಲಿ ಹುಡುಕಿದ್ದು ಕಳೆದುಹೋಯಿತು ಎಂಬ ಒಂದೇ ಕಾರಣಕ್ಕೆ. ತೋಮನಲ್ಲಿ ಕುರಿಯ ಬೆಲೆಯೇ ಕಾರಣವಾಗುತ್ತದೆ. ತೋಮನಿಗೆ ದೊಡ್ಡದರ ಮೇಲೆ ಒಲವು ಇದೆ: 8ನೇ ಮಾತಿನಲ್ಲಿ ಬೆಸ್ತ ಚಿಕ್ಕ ಮೀನುಗಳನ್ನೆಲ್ಲ ನೀರಿಗೆ ಎಸೆದು ದೊಡ್ಡ ಮೀನನ್ನು ಆರಿಸುತ್ತಾನೆ, 96ರಲ್ಲಿ ಹೆಂಗಸು ದೊಡ್ಡ ರೊಟ್ಟಿಗಳನ್ನು ಮಾಡುತ್ತಾಳೆ. ಹಾಗಾಗಿ ದೊಡ್ಡ ಕುರಿಯನ್ನು ನಾನು ಯೇಸುವಿನ ಮೂಲ ಮಾತು ಅಂತ ಎಣಿಸುವುದಿಲ್ಲ.

ಅದೇ ರಾಶಿಯಲ್ಲಿ ಸಿಕ್ಕ ಇನ್ನೊಂದು ಬರಹಕ್ಕೆ ಸತ್ಯದ ಸುವಾರ್ತೆ ಅಂತ ಹೆಸರು. ಅದರಲ್ಲೂ 99 ಕುರಿಗಳನ್ನು ಬಿಟ್ಟುಹೋದ ಕುರುಬ ಬರುತ್ತಾನೆ. ಬರೆದವನ ಕಣ್ಣು ಮಾತ್ರ ಬೆರಳ ಲೆಕ್ಕದ ಮೇಲಿದೆ. ಆ ಕಾಲದವರು 1ರಿಂದ 99ರ ತನಕ ಎಡಗೈ ಬೆರಳುಗಳನ್ನು ಮಡಿಸಿ ಎಣಿಸುತ್ತಿದ್ದರು, ನೂರಾದ ಕೂಡಲೇ ಲೆಕ್ಕ ಬಲಗೈಗೆ ಹೋಗುತ್ತಿತ್ತು. ಒಂದು ಕುರಿ ಇಲ್ಲದಿರುವ ತನಕ ಇಡೀ ಮಂದೆ ಎಡಗೈಯಲ್ಲೇ ಇರುತ್ತದೆ, ಆ ಒಂದು ಸಿಕ್ಕಿದ ಕ್ಷಣ ಎಲ್ಲವೂ ಬಲಗೈಗೆ ದಾಟುತ್ತವೆ ಅಂತ ಅವನು ಬರೆಯುತ್ತಾನೆ.